ಹೊಟ್ಟೆಯೊಳಗಿನ ವರುಣ

ಸುಡುಗಾಡನ್ನು ಕಾದ ಸತ್ಯಹರಿಶ್ಚಂದ್ರನನ್ನು ಬಾಲ್ಯದಿಂದ ಬಲ್ಲವರಿಗೂ ಐತರೇಯ ಬ್ರಾಹ್ಮಣದ ಹರಿಶ್ಚಂದ್ರನ ಪರಿಚಯ ಅಷ್ಟಾಗಿ ಇರಲಾರದು. ಹುಟ್ಟುವ ಮಗನನ್ನು ನಿನಗೇ ಯಜ್ಞಪಶುವಾಗಿ ಅರ್ಪಿಸುವೆನೆಂದು ವರುಣನಿಗೆ ಮಾತು ಕೊಟ್ಟ ಈ ಅರಸ, ಮಗನಿಗೆ ಹಲ್ಲು ಬರಲಿ, ಬಂದ ಹಲ್ಲು ಬೀಳಲಿ, ಬಿದ್ದದ್ದು ಮತ್ತೆ ಹುಟ್ಟಲಿ, ಕವಚ ತೊಡುವ ಪ್ರಾಯವಾಗಲಿ ಎಂದು ಸಾಲಗಾರನಂತೆ ವಾಯಿದೆಯ ಮೇಲೆ ವಾಯಿದೆ ಕೇಳುತ್ತ ಹೋದನು. ಕಡೆಗೆ ಮಗನು ಕಾಡು ಸೇರಲಾಗಿ, ವರುಣನು ತಂದೆಯನ್ನು ಹಿಡಿದನು, ಅವನ ಉದರವು ಉಬ್ಬಿಕೊಂಡಿತು. ಜಲಾಧಿಪತಿಯ ಕೋಪವು ಹೊಟ್ಟೆಯಲ್ಲಿ ನೀರಾಗಿ ನಿಲ್ಲುವುದೆಂಬ ಈ ಕಲ್ಪನೆಯ ಹಿಂದೆ, ಜಲೋದರದ ರೋಗಿಯನ್ನು ಸಮೀಪದಿಂದ ಕಂಡ ಯಾರದೋ ಕಣ್ಣು ಇದ್ದಿರಬೇಕೆಂದು ನನ್ನ ಊಹೆ.

ನನ್ನ ಸೋದರಮಾವನ ಹೊಟ್ಟೆ ಮುಂದೆ ಬಂದಾಗ ನಮಗಾರಿಗೂ ವರುಣನ ನೆನಪಾಗಲಿಲ್ಲ. ಸಹಕಾರ ಸಂಘದ ಕಾರ್ಯದರ್ಶಿಯಾಗಿ ನಿವೃತ್ತರಾದವರಿಗೆ ಹೊಟ್ಟೆ ಬರುವುದು ಪಿಂಚಣಿಯಷ್ಟೇ ಸಹಜವೆಂದು ಭಾವಿಸುವ ಸಮಾಜ ನಮ್ಮದು. ಆದರೆ ಅನುಕೂಲಸ್ಥನ ಹೊಟ್ಟೆಯೊಡನೆ ತೋಳು ತೊಡೆಗಳೂ ತುಂಬಿಕೊಳ್ಳುತ್ತವೆ. ಮಾವನ ತೋಳುಗಳು ಬಡಕಲಾಗಿ, ಹೊಟ್ಟೆಯೊಂದೇ ಬಿಗಿದು ಹೊಳೆದು, ಹೊಕ್ಕುಳು ಹೊರಬಂದು, ಪಂಚೆಯ ಗಂಟು ದಿನದಿನಕ್ಕೆ ಕೆಳಗಿಳಿಯುತ್ತಿತ್ತು. ಮದ್ಯವನ್ನು ಮುಟ್ಟಿದವರಲ್ಲ, ಎಂದೋ ರಕ್ತ ಸೇರಿ ಸದ್ದಿಲ್ಲದೆ ಕುಳಿತಿದ್ದ ಹೆಪಟೈಟಿಸ್ ಬಿ ವೈರಾಣು ಯಕೃತ್ತನ್ನು ಗಂಟುಗಂಟಾಗಿ ಗಡುಸುಮಾಡಿತ್ತು. ಕೆರೆಯ ತೂಬು ಹೂಳಿನಿಂದ ಮುಚ್ಚಿದರೆ ಆಗುವುದೇ ಇಲ್ಲಿಯೂ ಆಗುತ್ತದೆ. ಕರುಳಿನಿಂದ ಯಕೃತ್ತಿಗೆ ಬರುವ ರಕ್ತಕ್ಕೆ ದಾರಿ ಇಕ್ಕಟ್ಟಾಗಿ, ಹಿಂದೆ ಒತ್ತಡ ಏರಿ, ಒಂದಂಶ ಏರಿಯಲ್ಲಿ ಜಿನುಗಿ ಹೊಟ್ಟೆಯ ನೀರಾಗುತ್ತದೆ. ಇನ್ನೊಂದಂಶ ಅನ್ನನಾಳದ ಕೆಳತುದಿಯ ತೆಳುಗೋಡೆಯ ರಕ್ತನಾಳಗಳನ್ನು ಉಬ್ಬಿಸಿ, ಅಲ್ಲಿ ಕೋಡಿ ಬೀಳಲು ಹೊಂಚುಹಾಕುತ್ತದೆ. ಮತ್ತೊಂದಂಶ ಯಕೃತ್ತಿನಲ್ಲಿ ಶುದ್ಧಿಯಾಗದೆಯೇ ಹೃದಯದ ಮೂಲಕ ಮೆದುಳಿಗೆ ಹೋಗಿ, ಅಮೋನಿಯ ಮೊದಲಾದ ವಿಷಗಳಿಂದ ಬುದ್ಧಿಯನ್ನು ಮಸುಕುಗೊಳಿಸುತ್ತದೆ. ಹೊಟ್ಟೆಯುಬ್ಬರ, ರಕ್ತವಾಂತಿ, ಮತಿಭ್ರಮೆ ಎಂದು ಮೂರಾಗಿ ತೋರುವುದಕ್ಕೆಲ್ಲ ಮೂಲ ಈ ಒಂದೇ ಅಡಚಣೆ.

ನೀರನ್ನು ತೆಗೆಯುವ ವಿದ್ಯೆ ಹೊಸದಲ್ಲ. ರೋಗಿಗೆ ಎಣ್ಣೆ ಹಚ್ಚಿ, ಬಿಸಿನೀರಿನಿಂದ ಬೆವರಿಸಿ, ಆಪ್ತರು ಅವನನ್ನು ಹಿಡಿದುಕೊಂಡಿರಲಾಗಿ, ಹೊಕ್ಕುಳಿನ ಕೆಳಗೆ ಎಡಭಾಗದಲ್ಲಿ ನಡುಗೆರೆಯಿಂದ ನಾಲ್ಕು ಬೆರಳು ಬಿಟ್ಟು, ಭತ್ತದ ಕಾಳಿನ ಮೊನೆಯಂಥ ವ್ರೀಹಿಮುಖವೆಂಬ ಶಸ್ತ್ರದಿಂದ ಚುಚ್ಚಿ, ಲೋಹದ ಕೊಳವೆಯನ್ನಾಗಲಿ ಹಕ್ಕಿಯ ಗರಿಯ ದಂಟನ್ನಾಗಲಿ ಇಳಿಸಿ ನೀರನ್ನು ಹರಿಸಬೇಕೆಂದು ಸುಶ್ರುತನು ವಿಧಿಸಿದ್ದಾನೆ. ಒಂದೇ ದಿನ ಎಲ್ಲವನ್ನೂ ತೆಗೆಯಬಾರದು, ದಿನಗಳ ಅಂತರ ಕೊಟ್ಟು ಸ್ವಲ್ಪಸ್ವಲ್ಪವೇ ತೆಗೆದು, ಬಳಿಕ ಹೊಟ್ಟೆಯನ್ನು ಬಿಗಿಯಾಗಿ ಸುತ್ತಬೇಕೆಂಬ ಅವನ ಎಚ್ಚರಿಕೆಯಂತೂ ಬೆರಗು ಹುಟ್ಟಿಸುವಂಥದು. ಮಾವನಿಗೆ ಆಸ್ಪತ್ರೆಯಲ್ಲಿ ಸೂಜಿ ಹಾಕಿದ್ದೂ ಕೆಳಹೊಟ್ಟೆಯ ಎಡಭಾಗಕ್ಕೇ. ಆರು ಲೀಟರು ಒಂದೇ ಸಲಕ್ಕೆ ಇಳಿಯಿತು. ಐದು ಲೀಟರಿಗಿಂತ ಹೆಚ್ಚು ತೆಗೆದರೆ, ತೆಗೆದ ಲೀಟರೊಂದಕ್ಕೆ 6ರಿಂದ 8 ಗ್ರಾಂ ಲೆಕ್ಕದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನನ್ನು ರಕ್ತಕ್ಕೆ ಹನಿಸುತ್ತಾರೆ. ಇಲ್ಲವಾದರೆ ರಕ್ತದ ಪ್ರಮಾಣ ಕುಸಿದು ಮೂತ್ರಪಿಂಡಗಳು ಕೈಬಿಡುತ್ತವೆ. ಸುಶ್ರುತನು ದಿನಗಳ ಅಂತರದಿಂದ ಸಾಧಿಸಲೆಣಿಸಿದ ರಕ್ಷಣೆಯನ್ನು ಇಂದು ಒಂದು ಸೀಸೆ ಒದಗಿಸುತ್ತಿದೆ. ತೆಗೆದ ನೀರಿನಲ್ಲಿ ಒಂದಿಷ್ಟನ್ನು ಪರೀಕ್ಷೆಗೆ ಕಳಿಸಿದರು. ಆ ನೀರಿಗೇ ಸೋಂಕು ತಗಲುವುದುಂಟು. ಜ್ವರ, ಹೊಟ್ಟೆನೋವು ಕಾಣಿಸಿದರೆ, ಕೆಲವೊಮ್ಮೆ ಎರಡೂ ಇಲ್ಲದೆ ಬರಿಯ ಮಂಕು ಕವಿದರೂ, ಅದನ್ನು ಶಂಕಿಸಿ ಅಂದೇ ಆಸ್ಪತ್ರೆ ಸೇರಬೇಕಾಗುತ್ತದೆ. ಉಪ್ಪಿಗೆ ಮಿತಿ ಹಾಕಿದರು. ಉಪ್ಪಿನಕಾಯಿ, ಹಪ್ಪಳಗಳು ಮನೆಯಿಂದ ನಿರ್ಗಮಿಸಿದುವು.

ಇಷ್ಟಾದ ಕೆಲವು ತಿಂಗಳ ಮೇಲೆ, ಮಳೆಗಾಲದ ಒಂದು ಸಂಜೆ ನಾನು ಹೋದಾಗ, ಅತ್ತೆ ಬಾಗಿಲಲ್ಲೇ ಹೇಳಿದರು: “ಮೂರು ದಿನದಿಂದ ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ತೊಲೆ ಎಣಿಸ್ತಾರಪ್ಪ. ಹಾಲಿನ ಲೆಕ್ಕ ಒಂದೇ ಮೊತ್ತ ಮೂರು ಸಲ ಬರೆದಿದಾರೆ.” ಪುಸ್ತಕ ನೋಡಿದೆ. ಜೀವಮಾನವೆಲ್ಲ ರಶೀದಿಗಳ ಮೇಲೆ ಒಂದೇ ಅಚ್ಚಿನಂತೆ ಬಿದ್ದಿದ್ದ ಅವರ ರುಜು ಗೆರೆಬಿಟ್ಟು ಅಲೆದಿತ್ತು. ತೋಳು ಚಾಚಿ ಅಂಗೈಯನ್ನು ಹಿಂದಕ್ಕೆ ಬಗ್ಗಿಸಿ ಹಿಡಿಯಿರೆಂದಾಗ, ಮುಂಗೈಗಳು ಕ್ಷಣಕ್ಷಣಕ್ಕೂ ತಟಕ್ಕನೆ ಬಿದ್ದು ಮತ್ತೆ ಏಳುತ್ತಿದ್ದುವು. ಇದನ್ನು ಹಿಂದಿನ ಸಲ ಡಾಕ್ಟರೇ ಅತ್ತೆಗೆ ತೋರಿಸಿಕೊಟ್ಟಿದ್ದರು. ನೆಂಟರೊಬ್ಬರು ನಿದ್ದೆಯ ಮಾತ್ರೆ ಕೊಟ್ಟು ನೋಡೋಣವೆಂದರು; ಯಕೃತ್ತು ಸೋತವರಿಗೆ ಆ ಮಾತ್ರೆಯೇ ಪ್ರಜ್ಞೆ ತಪ್ಪಿಸಬಲ್ಲದೆಂದು ಕೇಳಿದ್ದ ಅತ್ತೆ ಸುತರಾಂ ಒಪ್ಪಲಿಲ್ಲ.

ಈ ಮಂಕು ತಾನಾಗಿಯೇ ಬರುವುದು ಅಪೂರ್ವ. ಮಲಬದ್ಧತೆ, ಸೋಂಕು, ಮೂತ್ರ ಹೆಚ್ಚಿಸುವ ಔಷಧದಿಂದ ಒಣಗಿದ ಶರೀರ, ಇಲ್ಲವೆ ಕರುಳಿನೊಳಗಣ ರಕ್ತಸ್ರಾವ, ಯಾವುದೋ ಒಂದು ಅದನ್ನು ಕರೆತಂದಿರುತ್ತದೆ. ಮಲದ ಬಣ್ಣ ಕೇಳಿದಾಗ ಅತ್ತೆ ಸಂಕೋಚದಿಂದ, ಬೆಳಗಿನಿಂದ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ, ಎಂದೂ ಇಲ್ಲದ ದುರ್ನಾತದಿಂದ ಆಗಿದೆ ಎಂದರು. ಹೊಟ್ಟೆಯಲ್ಲಿ ಸುರಿದ ರಕ್ತ ಜೀರ್ಣವಾಗಿ ಇಳಿಯುವ ರೀತಿ ಅದು. ಆ ರಕ್ತದ ಪ್ರೋಟೀನಿನಿಂದಲೇ ಅಮೋನಿಯ ಹೆಚ್ಚಿ ಬುದ್ಧಿ ಕದಡುತ್ತದೆ. ವಾಂತಿ ಇನ್ನೂ ಆಗಿರಲಿಲ್ಲ; ಆದರೂ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆಮಾಡಿದೆವು. ಬಾಯಿಗೆ ನೀರನ್ನೂ ಹಾಕದೆ, ಎಡಮಗ್ಗುಲಾಗಿ ಮಲಗಿಸಿದೆವು. ಅಂಗಾತ ಮಲಗಿದ್ದರೆ ಮಂಕು ಹಿಡಿದವರ ವಾಂತಿ ಶ್ವಾಸನಾಳಕ್ಕೆ ಹೋಗುವ ಭಯವಿದೆಯಷ್ಟೆ. ದಾರಿಯಲ್ಲಿ ಮೊದಲು ಕಾಫಿಯ ಗಸಿಯಂಥದು, ಅನಂತರ ಕೆಂಪು ರಕ್ತವೇ ಬಂದಾಗ ಆ ಮಗ್ಗುಲು ಅವರನ್ನು ಕಾಯಿತು.

ಎಂಡೋಸ್ಕೋಪಿಯ ಸೌಕರ್ಯವಿದ್ದ ಆಸ್ಪತ್ರೆಗೇ ನೇರವಾಗಿ ಹೋದದ್ದರಿಂದ ಒಂದು ಸುತ್ತು ತಪ್ಪಿತು. ಕರುಳಿನ ರಕ್ತನಾಳಗಳನ್ನು ಸಂಕೋಚಿಸುವ ಔಷಧವನ್ನೂ ಆಂಟಿಬಯಾಟಿಕನ್ನೂ ನರಕ್ಕೆ ಕೊಟ್ಟು, ರಕ್ತದೊತ್ತಡ ಸ್ಥಿಮಿತಕ್ಕೆ ಬಂದೊಡನೆ, ಹನ್ನೆರಡು ಗಂಟೆಗಳ ಒಳಗೆ ದುರ್ಬೀನಿನ ಕೊಳವೆಯನ್ನಿಳಿಸಿ, ಉಬ್ಬಿದ ನಾಳಗಳಿಗೆ ರಬ್ಬರಿನ ಪುಟ್ಟ ಬಳೆಗಳನ್ನು ತೊಡಿಸಿ ಬಿಗಿದರು. ರಕ್ತ ಕೊಡಲು ಬಂಧುಗಳು ಸಾಲುಗಟ್ಟಿ ನಿಂತಿದ್ದರಾದರೂ, ಹಿಮೋಗ್ಲೋಬಿನ್ 7-8ರ ಸುಮಾರಿಗೆ ಬಂದೊಡನೆ ಡಾಕ್ಟರು ಸಾಕೆಂದರು. ನಾಳ ತುಂಬಿಸುತ್ತ ಹೋದರೆ ಅದೇ ಒತ್ತಡ ಮತ್ತೆ ಏರಿ ಬಿರುಕು ಪುನಃ ತೆರೆದೀತಂತೆ. ಉತ್ಸಾಹಿಗಳಿಗೆ ಇದು ತುಸು ನಿರಾಶೆಯನ್ನೇ ತಂದಿತು. ಕರುಳಿನಲ್ಲಿದ್ದ ರಕ್ತವನ್ನು ಲ್ಯಾಕ್ಟುಲೋಸಿನಿಂದ ತೊಳೆದು ಹೊರಡಿಸಲಾಗಿ, ಮರುದಿನ ಸಂಜೆಗೆ ಮಾವ ಕಣ್ಣು ಬಿಟ್ಟು, ಹಾಲಿನವನಿಗೆ ದುಡ್ಡು ಕೊಟ್ಟಾಯಿತೇ ಎಂದು ಕೇಳಿದರು.

ಮನೆಗೆ ಬಂದವರಿಗೆ ಬೇಳೆ, ಮೊಸರು ಬಿಡಿಸಬೇಕೆಂದು ನೆಂಟರು ಮತ್ತೆ ಹೊರಟರು. ಪ್ರೋಟೀನಿನಿಂದ ಮಂಕು ಬರುವುದೆಂದು ವೈದ್ಯರೇ ಒಂದು ಕಾಲಕ್ಕೆ ಪಥ್ಯ ಹಾಕುತ್ತಿದ್ದುದುಂಟು. ಈಗ ಅದನ್ನು ಕೈಬಿಟ್ಟಿದ್ದಾರೆ, ಏಕೆಂದರೆ ಮಾಂಸಖಂಡವೂ ಅಮೋನಿಯವನ್ನು ನಿವಾರಿಸುವ ಕೆಲಸದಲ್ಲಿ ಪಾಲುಗೊಳ್ಳುತ್ತದೆ, ಪಥ್ಯದಿಂದ ಅದು ಇನ್ನಷ್ಟು ಬಡಕಲಾಗುತ್ತದೆ. ನೋವಿನ ಮಾತ್ರೆಗಳನ್ನು ಮಾತ್ರ ಡಾಕ್ಟರನ್ನು ಕೇಳದೆ ನುಂಗುವಂತಿಲ್ಲ. ಅವುಗಳಲ್ಲಿ ಹಲವು ಮೂತ್ರಪಿಂಡಕ್ಕೂ ಉಬ್ಬಿದ ನಾಳಗಳಿಗೂ ಶತ್ರು. ಅತ್ತೆಯ ಕೈಚೀಲದಲ್ಲಿ ಈಗ ಔಷಧಗಳ ಪಟ್ಟಿ, ಎಂಡೋಸ್ಕೋಪಿಯ ವರದಿ ಸದಾ ಇರುತ್ತವೆ. ರಕ್ತ ಚಮಚದಷ್ಟೇ ಆದರೂ, ಮಲ ಕಪ್ಪಾದರೂ, ಮಾತು ತೊದಲಿದರೂ, ಮೂತ್ರ ಕಡಿಮೆಯಾದರೂ, ಜ್ವರ ಬಂದರೂ ಚೀಲ ಹೆಗಲೇರುತ್ತದೆ. ಲ್ಯಾಕ್ಟುಲೋಸು ಈಗ ನಿತ್ಯದ ಸೇವೆ. ಅದರ ಅಳತೆ ಚಮಚದಲ್ಲಲ್ಲ, ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಹೋಗುವಷ್ಟು. ಕಡಿಮೆಯಾದರೆ ಮಂಕು, ವಿಪರೀತವಾದರೆ ನೀರು ಸೋರಿ ಶರೀರ ಒಣಗಿ ಮತ್ತೆ ಮಂಕು. “ಎರಡಕ್ಕೆ ಕಮ್ಮಿಯಾದ್ರೆ ನಿಮ್ಮತ್ತೆ ಬಯ್ತಾಳೆ, ನಾಲ್ಕು ದಾಟಿದ್ರೆ ಡಾಕ್ಟರು ಬಯ್ತಾರೆ,” ಎಂದು ಮಾವ ದೂರುತ್ತಾರೆ, “ಸಂಘದಲ್ಲಿ ಆಡಿಟ್ ವರ್ಷಕ್ಕೊಮ್ಮೆ ಮಾತ್ರ ಇತ್ತು ಕಣಯ್ಯ.”