ಡೋವರಿನ ತಣ್ಣೀರಿನಲ್ಲಿ ಎರಡು ಗಂಟೆ

ಇಂಗ್ಲೆಂಡಿನ ಡೋವರಿಗೆ ಹೋದವರು ಬಿಳಿ ಸುಣ್ಣದ ಬಂಡೆಗಳನ್ನು ನೋಡಿ, ಗುಡ್ಡದ ಮೇಲಿನ ಹಳೆಯ ಕೋಟೆ ಹತ್ತಿ, ಫ್ರಾನ್ಸಿಗೆ ಹೊರಟ ಹಡಗಿಗೆ ಕೈ ಬೀಸಿ ಬಂದುಬಿಡುತ್ತಾರೆ. ನೀವು ಹೋದರೆ ಬಂದರಿನೊಳಗಿನ ದಂಡೆಗೂ ಒಮ್ಮೆ ಇಳಿಯಿರಿ. ಅಲ್ಲಿ ಮರಳಿಲ್ಲ, ಅಂಗಾಲಿಗೆ ಒತ್ತುವ ಕಲ್ಲುಗಳು. ಇಂಗ್ಲಿಷ್ ಕಾಲುವೆಯನ್ನು ಈಜಲು ಹೊರಟವರು ಬೇಸಿಗೆಯ ಶನಿವಾರ, ಭಾನುವಾರ ಅಭ್ಯಾಸ ಮಾಡುವ ದಂಡೆ ಇದು. ನಮ್ಮ ಆರತಿ ಸಾಹಾ 1959ರ ಸೆಪ್ಟೆಂಬರ್ 29ರಂದು ಫ್ರಾನ್ಸಿನಿಂದ ಇಂಗ್ಲೆಂಡಿಗೆ ಈಜಿ ಬಂದದ್ದು ಇದೇ ಕಾಲುವೆಯಲ್ಲಿ.

ಅಷ್ಟು ದೂರದ ಮಾತು ಬಿಡಿ. ಕೊಳದಲ್ಲಿ ಚೆನ್ನಾಗಿ ಈಜುವ ನೀವು, ಇಲ್ಲಿ ಮೊದಲ ಸಲ ಎರಡು ಗಂಟೆ ಈಜಬೇಕೆಂದುಕೊಂಡಿದ್ದೀರಿ ಅನ್ನಿ. ತಿಂಗಳು ಜೂನ್. ನೀರು 14 ಡಿಗ್ರಿ. ನಮ್ಮ ಮಲ್ಪೆಯ ಕಡಲು 28ರ ಆಸುಪಾಸು ಇರುತ್ತದೆ, ಅದರ ಅರ್ಧ!

ಈ ಚಳಿಗೆ ಮೈ ಒಂದೇ ದಿನದಲ್ಲಿ ಒಗ್ಗುವುದಿಲ್ಲ. ಮೊದಲ ದಿನ ಐದು ನಿಮಿಷ ಇದ್ದು ಎದ್ದು ಬನ್ನಿ, ಆಮೇಲೆ ಹತ್ತು, ಇಪ್ಪತ್ತು. ಐದಾರು ಸಲ ಹೀಗೆ ಇಳಿದ ಮೇಲೆ ಮೊದಲಿನ ಆ ಗಾಬರಿ ಎಷ್ಟೋ ಇಳಿಯುತ್ತದೆ. ನೀರು ತಾಕಿದೊಡನೆ ಉಸಿರು ತಾನಾಗಿ ಒಳಕ್ಕೆ ಎಳೆದುಕೊಳ್ಳುತ್ತದಲ್ಲ, ಅದೇ ಅಪಾಯ. ಆ ಹೊತ್ತಿಗೆ ಮುಖ ನೀರೊಳಗಿದ್ದರೆ ನೀರೇ ಒಳಗೆ ಹೋದೀತು. ಆದ್ದರಿಂದ ಧುಮುಕಬೇಡಿ. ಸೊಂಟದವರೆಗೆ ನಡೆದು ಹೋಗಿ, ಮುಖಕ್ಕೂ ಕತ್ತಿಗೂ ನೀರೆರಚಿಕೊಂಡು, ಉಸಿರನ್ನು ನಿಧಾನವಾಗಿ ಹೊರಗೆ ಬಿಡುತ್ತ ನಿಲ್ಲಿ. ಎರಡು ಮೂರು ನಿಮಿಷದಲ್ಲಿ ಉಸಿರು ಹಿಡಿತಕ್ಕೆ ಬರುತ್ತದೆ. ಆಮೇಲೆ ಈಜಿ. ಹೃದಯದ ತೊಂದರೆ, ರಕ್ತದೊತ್ತಡ ಇದ್ದವರು ವೈದ್ಯರನ್ನು ಕೇಳದೆ ಇಳಿಯಲೇಬಾರದು. ಒಬ್ಬರೇ ಇಳಿಯುವುದಂತೂ ಯಾರಿಗೂ ಸಲ್ಲದು.

ಇನ್ನು ದಾರಿ. ಕೊಳದ ತಳದಲ್ಲಿ ಗೆರೆ ಇರುತ್ತದೆ, ಕಡಲಿನಲ್ಲಿ ಏನಿದೆ? ಎಂಟು ಹತ್ತು ಸಲ ಕೈ ಬೀಸಿದ ಮೇಲೆ ಒಮ್ಮೆ ಮೊಸಳೆಯ ಹಾಗೆ ಕಣ್ಣು ಮಾತ್ರ ನೀರಿನ ಮೇಲೆ ತಂದು ಮುಂದೆ ನೋಡಿ, ಕೂಡಲೇ ಪಕ್ಕಕ್ಕೆ ತಿರುಗಿ ಉಸಿರೆಳೆದುಕೊಳ್ಳಿ. ಇಡೀ ತಲೆ ಎತ್ತಿದರೆ ಕಾಲು ಮುಳುಗುತ್ತದೆ, ಕತ್ತೂ ನೋಯುತ್ತದೆ. ಗುರುತು ಎತ್ತರವಾಗಿರಬೇಕು, ಅಲುಗದಂತಿರಬೇಕು. ಪೂರ್ವಕ್ಕೆ ಈಜುವಾಗ ದೊಡ್ಡ ಬಿಳಿ ಹಡಗೊಂದು ಕಂಡೀತು. ಅದನ್ನು ನಂಬಿದಿರೋ ಕೆಟ್ಟಿರಿ, ಹೊತ್ತಾದರೆ ಅದು ಹೊರಟೇಬಿಡುತ್ತದೆ! ಮೇಲಿನ ಕೋಟೆ ಎಲ್ಲಿಗೂ ಹೋಗುವುದಿಲ್ಲ. ಹಿಂದಿರುಗುವಾಗ ಪ್ರಿನ್ಸ್ ಆಫ್ ವೇಲ್ಸ್ ಕಟ್ಟೆಯ ತುದಿಯ ದೀಪಸ್ತಂಭವಿದೆ. ದಂಡೆಗೆ ಬರಲು ಒಂದರ ಹಿಂದೊಂದು ನಿಂತ ಎರಡು ಗುರುತು ಇಟ್ಟುಕೊಳ್ಳಿ, ದೀಪದ ಕಂಬ, ಅದರ ಹಿಂದೆ ಒಂದು ಮನೆಯ ಕಿಟಕಿ. ಎರಡೂ ಸಾಲಾಗಿ ಕಾಣುವವರೆಗೆ ನೇರವಾಗಿದ್ದೀರಿ. ಬೇರೆಬೇರೆಯಾದರೆ ನೀರು ನಿಮ್ಮನ್ನು ಪಕ್ಕಕ್ಕೆ ಒಯ್ಯುತ್ತಿದೆ ಎಂದರ್ಥ. ಇಳಿಯುವ ಮುಂಚೆಯೇ ಇವನ್ನೆಲ್ಲ ನೋಡಿಟ್ಟುಕೊಳ್ಳಿ.

ವೇಗದಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಚಳಿಗೆ ಹೆದರಿ ಮೊದಲೇ ಜೋರಾಗಿ ಬೀಸಿಬಿಡುತ್ತಾರೆ. ಹಾಗೆ ಮಾಡಿದರೆ ಒಂದು ಗಂಟೆಗೆ ಕಸುವು ಮುಗಿದು, ಕೈ ನಿಧಾನವಾಗಿ, ಆಗ ಚಳಿ ಒಳಗೆ ಇಳಿಯುತ್ತದೆ. ಮೊದಲ ಅರ್ಧ ಗಂಟೆ 'ಇದು ತೀರಾ ನಿಧಾನವಾಯಿತು' ಅನ್ನಿಸುವಂತೆಯೇ ಈಜಿ. ದಂಡೆಯಲ್ಲಿರುವ ಜೊತೆಗಾರ್ತಿ ಗಡಿಯಾರ ಹಿಡಿದು ನಿಮಿಷಕ್ಕೆ ಎಷ್ಟು ಬೀಸು ಎಂದು ಎಣಿಸಲಿ. ಹತ್ತು ನಿಮಿಷಕ್ಕೆ 60 ಇತ್ತು, ಒಂದು ಗಂಟೆಗೆ 58, ಚಿಂತೆಯಿಲ್ಲ. ಒಂದೂವರೆ ಗಂಟೆಗೆ 50ಕ್ಕೆ ಇಳಿಯಿತೋ, ಕರೆದು ಮಾತಾಡಿಸಲಿ. ಮಾತು ತೊದಲಿದರೆ, ಬೆರಳು ಕೂಡಿಸಲಾಗದೆ ಕಿರುಬೆರಳು ದೂರ ಸರಿದು ನಿಂತಿದ್ದರೆ, ನೀವು 'ಇನ್ನರ್ಧ ಗಂಟೆ ತಾನೇ' ಎಂದರೂ ಕೇಳಬಾರದು, ಎಬ್ಬಿಸಲೇಬೇಕು. ಆ ಹೊತ್ತಿಗೆ ನಿಮ್ಮ ತೀರ್ಮಾನ ನಿಮ್ಮದಲ್ಲ, ಚಳಿಯದು.

ಎದ್ದು ಬಂದ ಮೇಲೂ ಮುಗಿಯಲಿಲ್ಲ. ಹತ್ತಿಪ್ಪತ್ತು ನಿಮಿಷ ಮೈಯ ಬಿಸಿ ಇನ್ನೂ ಇಳಿಯುತ್ತಲೇ ಇರುತ್ತದೆ. ಚೆನ್ನಾಗಿದ್ದವರೂ ಆಗಲೇ ಗಡಗಡ ನಡುಗುವುದು. ಒದ್ದೆ ಬಟ್ಟೆ ಕೂಡಲೇ ತೆಗೆದು, ಒರೆಸಿಕೊಂಡು, ಮೊದಲು ಮೇಲ್ಮೈಗೆ ಬಟ್ಟೆ, ತಲೆಗೆ ಟೋಪಿ ಹಾಕಿಕೊಳ್ಳಿ. ಬಿಸಿನೀರಿನ ಸ್ನಾನ ಈಗ ಬೇಡ, ತಲೆಸುತ್ತಿ ಬಿದ್ದೀರಿ. ಚಹಾ ಕುಡಿಯಿರಿ, ಆದರೆ ಲೋಟ ಅರ್ಧ ಮಾತ್ರ ತುಂಬಿರಲಿ. ನಡುಗುವ ಕೈಯಲ್ಲಿ ತುಂಬಿದ ಲೋಟ ನಿಲ್ಲುವುದಿಲ್ಲ.

ಎರಡು ಗಂಟೆಯ ಬದಲು ಒಂದೂವರೆಗೆ ಎದ್ದು ಬಂದಿರೇ? ಬೇಸರಿಸಬೇಡಿ. ಆರತಿ ಸಾಹಾ ಕೂಡ 1959ರ ಆಗಸ್ಟಿನ ಮೊದಲ ಯತ್ನದಲ್ಲಿ, ದಡಕ್ಕೆ ಕೆಲವೇ ಮೈಲಿ ಇರುವಾಗ ಎದುರು ಪ್ರವಾಹಕ್ಕೆ ಸಿಕ್ಕಿ ದೋಣಿ ಹತ್ತಬೇಕಾಯಿತು. ಮುಂದಿನ ತಿಂಗಳು ಮತ್ತೆ ಇಳಿದರು, 16 ಗಂಟೆ 20 ನಿಮಿಷ ಈಜಿ ದಡ ಮುಟ್ಟಿದರು.