ಶನಿವಾರ ರಾತ್ರಿಯಿಂದ ಸೋಮವಾರ ಬೆಳಿಗ್ಗೆವರೆಗೆ

ಅಕ್ಕ ಪುಣೆಯಲ್ಲಿ ಮಕ್ಕಳ ಡಾಕ್ಟರು. ಅವಳ ಕ್ಲಿನಿಕ್‌ನ ಹನ್ನೊಂದು ವರ್ಷದ ದಾಖಲೆಯೆಲ್ಲ ರಿಸೆಪ್ಷನ್ ಮೇಜಿನ ಕಂಪ್ಯೂಟರಿನಲ್ಲಿತ್ತು. ಅದರ ಒಂದು ಫೋಲ್ಡರನ್ನು ಶೇರ್ ಮಾಡಿ, ಒಳಗಿನ ಕೋಣೆಯ ಲ್ಯಾಪ್‌ಟಾಪಿನಿಂದ ಅವಳು ನೋಡುತ್ತಿದ್ದಳು. ರಿಸೆಪ್ಷನ್‌ನ ಮಾವಶಿ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದರೆ ಒಳಗೆ ಮಗುವಿನ ಚೀಟಿಯೂ ಮಾಯ. ಒಂದು ದಿನ ಹಾರ್ಡ್‌ಡಿಸ್ಕ್ ಕಟಕಟ ಸದ್ದು ಮಾಡತೊಡಗಿತು. “ಭಾನುವಾರ ಬಂದು ಏನಾದರೂ ಮಾಡೋ” ಎಂದಳು.

ಎರಡು ಡಿಸ್ಕಿನ ಒಂದು ನ್ಯಾಸ್ ಪೆಟ್ಟಿಗೆ ಕೊಂಡೆವು. ರೂಟರಿನ ಪಕ್ಕದಲ್ಲಿ ಕೂತು ಸದಾ ಎಚ್ಚರವಾಗಿರುವ ಕಡತದ ಕಪಾಟು ಅದು. ಯೋಜನೆಯನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಶನಿವಾರ ರಾತ್ರಿ 9ಕ್ಕೆ ಎಲ್ಲರೂ ಬರೆಯುವುದನ್ನು ನಿಲ್ಲಿಸಬೇಕು, ರಾತ್ರಿಯಿಡೀ ನಕಲು, ಭಾನುವಾರ ಪರೀಕ್ಷೆ, ಸಂಜೆ 4ಕ್ಕೆ ತೀರ್ಮಾನ. ಆ ಹೊತ್ತಿಗೆ ಒಂದಾದರೂ ಅನುಮಾನ ಉಳಿದಿದ್ದರೆ ಸೋಮವಾರ ಹಳೆಯ ಕಂಪ್ಯೂಟರಿನಲ್ಲೇ ಕೆಲಸ. ಈ ಕೊನೆಯ ಸಾಲು ಇಲ್ಲದಿದ್ದರೆ ಭಾನುವಾರ ರಾತ್ರಿ ನಿದ್ದೆಗಣ್ಣಿನಲ್ಲಿ ತಪ್ಪು ಮಾಡುತ್ತೇವೆ.

ಇದ್ದದ್ದು 186 ಜಿಬಿ. ಕ್ಲಿನಿಕ್‌ನ ಹಳೆಯ ಸ್ವಿಚ್ 100 ಎಂಬಿಪಿಎಸ್‌ನದು. ಸೆಕೆಂಡಿಗೆ ಸುಮಾರು 11 ಎಂಬಿ ಸಾಗಿದರೂ ಐದು ಗಂಟೆ ಹತ್ತಿರ ಬೇಕು. ಸಣ್ಣ ಸಣ್ಣ ಕಡತಗಳೇ ಹೆಚ್ಚಿದ್ದರೆ ಇನ್ನೂ ನಿಧಾನ. ರಾತ್ರಿಗೆ ಅದು ಸಾಕು. ಮೌಸಿನಿಂದ ಎಳೆದು ಹಾಕಲಿಲ್ಲ. ವಿಂಡೋಸ್‌ನಲ್ಲೇ ಇರುವ ರೋಬೋಕಾಪಿ ಬಳಸಿದೆ:

```
robocopy D:\Records \\nas\records /E /R:2 /W:5 /LOG:C:\log\sat.txt
```

`/R:2 /W:5` ಎಂದರೆ ಒಂದು ಕಡತ ಸಿಗದಿದ್ದರೆ ಐದೈದು ಸೆಕೆಂಡು ಬಿಟ್ಟು ಎರಡು ಸಲ ಮತ್ತೆ ಯತ್ನಿಸು, ಆಮೇಲೆ ಮುಂದೆ ಹೋಗು. ಹೀಗೆ ಹೇಳದಿದ್ದರೆ ಅದು ಮೂವತ್ತು ಸೆಕೆಂಡಿಗೊಮ್ಮೆ ಹತ್ತು ಲಕ್ಷ ಸಲ ಯತ್ನಿಸುತ್ತದೆ. ಬೆಳಿಗ್ಗೆ ಬಂದು ನೋಡಿದರೆ ಒಂದೇ ಕಡತದ ಮುಂದೆ ನಿಂತಿರುತ್ತದೆ.

ಬೆಳಿಗ್ಗೆ ಲಾಗ್‌ನ ಕೊನೆಯಲ್ಲಿ Failed ಎಂಬಲ್ಲಿ 2 ಇತ್ತು. ಎರಡೂ ಬಿಲ್ಲಿಂಗ್ ಸಾಫ್ಟ್‌ವೇರಿನ ಡೇಟಾಬೇಸ್ ಕಡತಗಳು. ಪರದೆಯ ಮೇಲಿನ ಕಿಟಕಿ ಮುಚ್ಚಿದ್ದರೂ ಹಿಂದೆ ಅದರ ಸರ್ವಿಸ್ ಓಡುತ್ತಲೇ ಇತ್ತು. ಅವನ್ನು ಹಾಗೆ ನಕಲು ಮಾಡಬಾರದು, ನ್ಯಾಸ್‌ನಲ್ಲಿಟ್ಟು ಓಡಿಸಲೂ ಬಾರದು. ನಡುವೆ ನೆಟ್‌ವರ್ಕ್ ಒಂದು ಕ್ಷಣ ತಪ್ಪಿದರೂ ಡೇಟಾಬೇಸ್ ಕೆಡಬಹುದು. ಅದಕ್ಕೆ ಬಿಲ್ಲಿಂಗನ್ನು ಕಂಪ್ಯೂಟರಿನಲ್ಲೇ ಬಿಟ್ಟು, ಹೊಸ ಡಿಸ್ಕ್ ಹಾಕಿಸುವುದೆಂದುಕೊಂಡೆ. ಸಾಫ್ಟ್‌ವೇರಿನದೇ ಬ್ಯಾಕಪ್ ದಿನವೂ ನ್ಯಾಸ್‌ಗೆ ಹೋಗುವಂತೆ ಮಾಡಿದೆ.

ಅದೇ ಆಜ್ಞೆಗೆ `/L` ಸೇರಿಸಿ ಮತ್ತೆ ಓಡಿಸಿದರೆ, ಇನ್ನೂ ಏನು ನಕಲಾಗಬೇಕು ಎಂದಷ್ಟೇ ಹೇಳುತ್ತದೆ. ಆ ಎರಡು ಕಡತ ಬಿಟ್ಟು ಏನೂ ಇರಲಿಲ್ಲ. ನನ್ನ ಪ್ರಕಾರ ಕೆಲಸ ಮುಗಿದಿತ್ತು.

ಅಕ್ಕ ಒಪ್ಪಲಿಲ್ಲ. ಕಾಗದದ ರಿಜಿಸ್ಟರ್ ತಂದು, ಬೇರೆ ಬೇರೆ ವರ್ಷದ ಹತ್ತು ಹೆಸರು ಆರಿಸಿ, ಲ್ಯಾಪ್‌ಟಾಪಿನಲ್ಲಿ ಒಂದೊಂದಾಗಿ ತೆರೆದಳು. ಏಳನೆಯದು 2016ರ ಮಗು, ಪೆನಿಸಿಲಿನ್ ಅಲರ್ಜಿ ಇದ್ದದ್ದು. ‘ಹಳೆ ಸ್ಕ್ಯಾನ್’ ಎಂಬ ಫೋಲ್ಡರ್ ಒತ್ತಿದರೆ ತೆರೆಯಲಿಲ್ಲ. ಅದು ಫೋಲ್ಡರೇ ಅಲ್ಲ, ಶಾರ್ಟ್‌ಕಟ್. ಅಸಲು ಫೋಲ್ಡರ್ ರಿಸೆಪ್ಷನ್ ಕಂಪ್ಯೂಟರಿನ ಡೆಸ್ಕ್‌ಟಾಪಿನಲ್ಲಿತ್ತು. ಮಾವಶಿಗೆ ಫೋನ್ ಮಾಡಿದರೆ, “ಅದು ಇಲ್ಲೇ ತೆರೆಯುತ್ತೆ, ಮ್ಯಾಡಮ್‌ಗೆ ಬೇಕಾದಾಗ ಪ್ರಿಂಟ್ ಕೊಡುತ್ತಿದ್ದೆ” ಎಂದು ಮರಾಠಿಯಲ್ಲಿ ಹೇಳಿದರು. ರೋಬೋಕಾಪಿ ಸುಳ್ಳು ಹೇಳಿರಲಿಲ್ಲ. ಕೊಟ್ಟ ಫೋಲ್ಡರಿನಲ್ಲಿ ಇದ್ದದ್ದನ್ನೆಲ್ಲ ತಂದಿತ್ತು, ಶಾರ್ಟ್‌ಕಟ್ಟನ್ನೂ ಸೇರಿಸಿ. ದಾಖಲೆ ಎಲ್ಲೆಲ್ಲಿದೆ ಎಂದು ನಾನು ಮೊದಲೇ ಮಾವಶಿಯನ್ನು ಕೇಳಬೇಕಿತ್ತು. ಆಮೇಲೆ ಇಡೀ ಕಂಪ್ಯೂಟರಿನಲ್ಲಿ `*.lnk` ಎಂದು ಹುಡುಕಿ, ದಾಖಲೆಯತ್ತ ಬೊಟ್ಟು ಮಾಡುವ ಇನ್ನೂ ಎರಡನ್ನು ಹಿಡಿದೆ.

ಮೂರನ್ನೂ ತಂದು, ಹತ್ತೂ ಹೆಸರು ತೆರೆದಾಗ ಮೂರೂವರೆ. ಹಳೆಯ ಶೇರನ್ನು ಅಳಿಸಲಿಲ್ಲ. ಓದಲು ಮಾತ್ರ ಎಂದು ಮಾಡಿದೆ. ರಿಸೆಪ್ಷನ್‌ನಲ್ಲೂ ಆ ಫೋಲ್ಡರಿಗೆ ಬರೆಯಲು ಅನುಮತಿ ತೆಗೆದೆ. ಇಲ್ಲದಿದ್ದರೆ ಅಭ್ಯಾಸಬಲದಿಂದ ಯಾರೋ ಅಲ್ಲೇ ಉಳಿಸುತ್ತಾರೆ, ಒಂದು ಮಗುವಿಗೆ ಎರಡು ಕಡತವಾಗುತ್ತದೆ.

“ಎರಡು ಡಿಸ್ಕ್ ಇದೆಯಲ್ಲ, ಇನ್ನು ಬ್ಯಾಕಪ್ ಯಾಕೆ?” ಎಂದಳು ಅಕ್ಕ. ಒಂದರಲ್ಲಿ ಅಳಿಸಿದ್ದು ಎರಡರಲ್ಲೂ ಅಳಿಯುತ್ತದೆ. ಅದು ಡಿಸ್ಕ್ ಸತ್ತಾಗ ಮಾತ್ರ ಕಾಯುತ್ತದೆ. ಹಾಗಾಗಿ ಪಾಸ್‌ವರ್ಡಿನಿಂದ ಎನ್‌ಕ್ರಿಪ್ಟ್ ಮಾಡಿದ ಒಂದು ಯುಎಸ್‌ಬಿ ಡಿಸ್ಕ್ ಪ್ರತಿ ಶನಿವಾರ ನಕಲು ತೆಗೆದುಕೊಂಡು ಅವಳ ಚೀಲದಲ್ಲಿ ಮನೆಗೆ ಹೋಗುತ್ತದೆ.

ಸೋಮವಾರ ಹನ್ನೊಂದಕ್ಕೆ ಅಕ್ಕನ ಸಂದೇಶ ಬಂತು: “ಮಾವಶಿ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದರು. ನನಗೆ ಗೊತ್ತೇ ಆಗಲಿಲ್ಲ.”