ಇಪ್ಪತ್ತು ಸಾವಿರ ಮಾರಿದರೆ ಹದಿನೇಳು ಸಾವಿರ

ನಮ್ಮ ಅಕ್ಕ ಧಾರವಾಡದಲ್ಲಿ ಒಂದು ಸಣ್ಣ ಪ್ರಕಾಶನ ನಡೆಸುತ್ತಾಳೆ. ಅಂಗಡಿ ಇಲ್ಲ, ಮನೆಯ ಹಿಂದಿನ ಕೋಣೆಯೇ ಗೋದಾಮು. ಮಾರಾಟವೆಲ್ಲ ಅವಳದೇ ವೆಬ್‌ಸೈಟಿನಲ್ಲಿ. ಸಂಶೋಧನೆಯ ಕೆಲಸದ ನಡುವೆ ಬಿಡುವಾದಾಗ ಅದರ ಲೆಕ್ಕ ನೋಡಿಕೊಡುವುದು ನನ್ನ ಪಾಲಿಗೆ ಬಂದಿದೆ. ಕಳೆದ ರಾಜ್ಯೋತ್ಸವದ ದಿನ ಒಂದು ಹೊಸ ಕಾದಂಬರಿ ಬಿಡುಗಡೆಯಾಯಿತು. ಬೆಲೆ 450 ರೂಪಾಯಿ, ಅಂಚೆ ವೆಚ್ಚ 50. ಒಂದೇ ದಿನದಲ್ಲಿ 40 ಪ್ರತಿ ಹೋದವು, ಅಂದರೆ 20,000 ರೂಪಾಯಿ. ಕೆಲವು ದಿನಗಳ ನಂತರ ಬ್ಯಾಂಕಿಗೆ ಬಂದದ್ದು 17,178.

“ಇಪ್ಪತ್ತು ಸಾವಿರದ ಪುಸ್ತಕ ಹೋಗ್ಯಾವು, ಬ್ಯಾಂಕಿನಾಗ ಹದಿನೇಳು ಅದ. ನಡುವಿನ ರೊಕ್ಕ ಎಲ್ಲಿ ಹೋತೋ ತಮ್ಮಾ?” ಎಂದು ಅಕ್ಕ ಕೇಳಿದಳು. ಅವಳಿಗೆ ಇದು ಬರೀ ಕುತೂಹಲದ ಪ್ರಶ್ನೆಯಲ್ಲ. ಕಾದಂಬರಿಕಾರರಿಗೆ ಗೌರವಧನ ಕಳಿಸಬೇಕಿತ್ತು. ಬಂದ ದುಡ್ಡಿನ ಮೇಲೆ ಹತ್ತು ಪರ್ಸೆಂಟ್ ಹಾಕಿ ಕಳಿಸಿಬಿಡೋಣವೇ ಎಂಬ ಯೋಚನೆ ಅವಳದು.

ಕೊಳ್ಳುವವರು ಕಟ್ಟಿದ ಹಣ ನೇರವಾಗಿ ಅಕ್ಕನ ಖಾತೆಗೆ ಬರುವುದಿಲ್ಲ. ಅದು ಮೊದಲು ಪೇಮೆಂಟ್ ಗೇಟ್‌ವೇ ಕಂಪನಿಯವರು ಒಂದು ಬ್ಯಾಂಕಿನಲ್ಲಿ ಇಟ್ಟಿರುವ ಎಸ್ಕ್ರೋ ಖಾತೆಗೆ ಹೋಗುತ್ತದೆ. ಅಲ್ಲಿಂದ ಸಾಮಾನ್ಯವಾಗಿ ಎರಡು ಕೆಲಸದ ದಿನಗಳ ನಂತರ ಒಟ್ಟು ಸೇರಿಸಿ ಒಂದೇ ಮೊತ್ತವಾಗಿ ವ್ಯಾಪಾರಿಗೆ ಬರುತ್ತದೆ. ಇದಕ್ಕೆ ಸೆಟಲ್‌ಮೆಂಟ್ ಎನ್ನುತ್ತಾರೆ. ಕಡಿತಗಳೆಲ್ಲ ನಡೆಯುವುದು ಈ ನಡುವಿನ ನಿಲ್ದಾಣದಲ್ಲಿ. ಪಾಸ್‌ಬುಕ್ಕಿನಲ್ಲಿ ಕಾಣುವುದು ಕಡಿತದ ನಂತರ ಉಳಿದ ಒಂದು ಅಂಕಿ ಮಾತ್ರ.

ಮೊದಲ ಕಡಿತ ಕಮಿಷನ್. ಅಕ್ಕನ ಒಪ್ಪಂದದಲ್ಲಿ ಅದು ಶೇ. 2. ಇಪ್ಪತ್ತು ಸಾವಿರಕ್ಕೆ 400 ರೂಪಾಯಿ. ಕಮಿಷನ್ ಬೀಳುವುದು ಪುಸ್ತಕದ ಬೆಲೆಯ ಮೇಲಷ್ಟೇ ಅಲ್ಲ, ಅಂಚೆ ವೆಚ್ಚವೂ ಸೇರಿದ ಪೂರ್ತಿ 500ರ ಮೇಲೆ. ಅಂಚೆಯವರಿಗೆ ಹಾಗೆಯೇ ದಾಟಿಸಬೇಕಾದ ಹಣಕ್ಕೂ ಅಕ್ಕ ಕಮಿಷನ್ ಕಟ್ಟುತ್ತಾಳೆ. ಯುಪಿಐಗೆ ಶುಲ್ಕವಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. 2020ರ ಜನವರಿಯಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡ್ ಪಾವತಿಗೆ ಬ್ಯಾಂಕುಗಳು ವ್ಯಾಪಾರಿಯಿಂದ ಎಂಡಿಆರ್ ಪಡೆಯುವಂತಿಲ್ಲ, ನಿಜ. ಆದರೆ ಗೇಟ್‌ವೇ ತನ್ನ ಸೇವೆಗೆ ಪ್ರತ್ಯೇಕವಾಗಿ ಶುಲ್ಕ ಹಾಕಬಹುದು, ಎಲ್ಲ ಬಗೆಯ ಪಾವತಿಗೂ ಒಂದೇ ದರ ಇಟ್ಟಿರಬಹುದು. ಅಕ್ಕನ ಒಪ್ಪಂದ ಅಂಥದ್ದು.

ಎರಡನೆಯದು ತೆರಿಗೆ. ಇದು ಪುಸ್ತಕದ ಮೇಲಿನ ತೆರಿಗೆಯಲ್ಲ, ಕಮಿಷನ್ನಿನ ಮೇಲಿನ ತೆರಿಗೆ. ಗೇಟ್‌ವೇ ಕೊಡುವುದು ಒಂದು ಸೇವೆ, ಅಕ್ಕನ ಈ ಕಂತಿನಲ್ಲಿ ಅದಕ್ಕೆ ಬಿದ್ದದ್ದು ಶೇ. 18 ಜಿಎಸ್‌ಟಿ. 400ಕ್ಕೆ 72 ರೂಪಾಯಿ. ಜಿಎಸ್‌ಟಿ ನೋಂದಣಿಯಿರುವ ಸೀರೆ ಅಂಗಡಿಯವರಾದರೆ ಈ 72ನ್ನು ತಾವು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ ಹೂಟು ಹಾಕಿಕೊಳ್ಳುತ್ತಾರೆ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಕೇಳಲು ಇದು ಪ್ರಕಾಶಕರಿಗೆ ಅನುಕೂಲ ಅನಿಸುತ್ತದೆ. ಆದರೆ ವಿನಾಯಿತಿಯಿರುವ ಸರಕು ಮಾರುವವರಿಗೆ, ಆ ಮಾರಾಟಕ್ಕೆಂದು ಪಡೆದ ಸೇವೆಗಳ ಮೇಲೆ ಕಟ್ಟಿದ ತೆರಿಗೆಯನ್ನು ಮರಳಿ ಪಡೆಯುವ ದಾರಿಯಿಲ್ಲ. ಸೀರೆಯವರಿಗೆ 72 ರೂಪಾಯಿ ಕೈಸಾಲವಾದರೆ, ಪುಸ್ತಕದವರಿಗೆ ಅದು ಖರ್ಚು.

ಇಲ್ಲಿಗೆ 472 ರೂಪಾಯಿಯ ಲೆಕ್ಕ ಸಿಕ್ಕಿತು. ಒಂದು ಪ್ರತಿಗೆ 11 ರೂಪಾಯಿ 80 ಪೈಸೆ. ಇನ್ನೂ 2,350 ಉಳಿಯಿತು. ಅದು ಈ ಕಾದಂಬರಿಗೆ ಸಂಬಂಧಿಸಿದ್ದೇ ಅಲ್ಲ.

ಹಿಂದಿನ ವಾರ ಒಂದು ವಿಮರ್ಶಾ ಸಂಕಲನದ ಪ್ರತಿಗಳು ಮುಗಿದಿದ್ದವು. ಹಣ ಕಟ್ಟಿದ್ದ ಮೂವರಿಗೆ ತಲಾ 500 ರೂಪಾಯಿ ಹಿಂತಿರುಗಿಸಲು ಅಕ್ಕ ಒಪ್ಪಿದಳು. ಗೇಟ್‌ವೇ ಆ 1,500ನ್ನು ಅವರ ಹಳೆಯ ಪಾವತಿ ಬಂದ ಕಂತಿನಿಂದ ತೆಗೆಯುವುದಿಲ್ಲ, ಆ ಕಂತು ಆಗಲೇ ಬ್ಯಾಂಕಿಗೆ ಹೋಗಿ ಆಗಿದೆ. ರಿಫಂಡ್ ಮಾಡಿದ ಹೊತ್ತಿಗೆ ಕೈಯಲ್ಲಿರುವ ಹೊಸ ಹಣದಿಂದ ಅದನ್ನು ಮುರಿದುಕೊಳ್ಳುತ್ತದೆ. ಮಾರಾಟವಿಲ್ಲದ ವಾರವಾಗಿದ್ದರೆ ಮುರಿದುಕೊಳ್ಳಲು ಹಣವೇ ಇರುತ್ತಿರಲಿಲ್ಲ. ಆಗ ರಿಫಂಡ್ ಬಾಕಿ ನಿಲ್ಲುತ್ತದೆ, ಓದುಗರ ಫೋನು ಅಕ್ಕನಿಗೆ ಬರುತ್ತದೆ. ಇನ್ನೊಂದು ಮಾತು: ಮೂವರಿಗೂ ಪೂರ್ತಿ 500 ಮರಳಿತು, ಆದರೆ ಅವರ ಮೊದಲ ಪಾವತಿಗೆ ಕಡಿದ ಕಮಿಷನ್ ಮತ್ತು ತೆರಿಗೆ ಅಕ್ಕನಿಗೆ ಮರಳಲಿಲ್ಲ. ನಡೆಯದೇ ಹೋದ ಮಾರಾಟಕ್ಕೆ ಅವಳು ತೆತ್ತದ್ದು 35 ರೂಪಾಯಿ 40 ಪೈಸೆ.

ಉಳಿದ 850 ರೂಪಾಯಿ ತಡೆಹಿಡಿದ ಹಣ. ಒಬ್ಬ ಗ್ರಾಹಕರು ಪಾರ್ಸೆಲ್ ತಲುಪಿಲ್ಲವೆಂದು ನಮಗೆ ಹೇಳದೆ ತಮ್ಮ ಕಾರ್ಡಿನ ಬ್ಯಾಂಕಿಗೆ ದೂರು ಕೊಟ್ಟಿದ್ದರು. ಇದಕ್ಕೆ ಚಾರ್ಜ್‌ಬ್ಯಾಕ್ ಎಂದು ಹೆಸರು. ತೀರ್ಮಾನವಾಗುವವರೆಗೆ ಗೇಟ್‌ವೇ ಅಷ್ಟು ಹಣವನ್ನು ಹಿಡಿದಿಡುತ್ತದೆ, ಮಾರಿದವರು ಗೊತ್ತುಮಾಡಿದ ಗಡುವಿನೊಳಗೆ ಸಾಕ್ಷಿ ಕೊಡಬೇಕು. ಆ ಪಾರ್ಸೆಲ್ ಸ್ಪೀಡ್ ಪೋಸ್ಟಿನಲ್ಲಿ ಹೋಗಿತ್ತು. ಬಿಲ್ಲು, ವಿಳಾಸ, ತಲುಪಿದ ದಿನ ತೋರಿಸುವ ಟ್ರ್ಯಾಕಿಂಗ್ ಪುಟ ಕಳಿಸಿದೆವು. ಹಣ ನಂತರದ ಒಂದು ಕಂತಿನಲ್ಲಿ ಬಂತು. ಟ್ರ್ಯಾಕಿಂಗ್ ಇಲ್ಲದ ಅಗ್ಗದ ಅಂಚೆಯಲ್ಲಿ ಕಳಿಸಿದ್ದರೆ ತೋರಿಸಲು ಏನೂ ಇರುತ್ತಿರಲಿಲ್ಲ.

ಇದನ್ನೆಲ್ಲ ಪತ್ತೆಮಾಡುವುದು ಗೇಟ್‌ವೇ ಕೊಡುವ ಸೆಟಲ್‌ಮೆಂಟ್ ವರದಿಯಿಂದ. ಅದರಲ್ಲಿ ಪ್ರತಿ ಕಂತಿಗೂ ಒಂದು UTR ಸಂಖ್ಯೆ ಇರುತ್ತದೆ, ಅದೇ ಸಂಖ್ಯೆ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲೂ ಇರುತ್ತದೆ. ತಾರೀಖು ಹಿಡಿದು ಹೋದರೆ ಲೆಕ್ಕ ಎಂದೂ ಕೂಡುವುದಿಲ್ಲ, ಈ ಸಂಖ್ಯೆ ಹಿಡಿದು ಹೋದರೆ ಕೂಡುತ್ತದೆ. ಅಂಕಣಗಳ ವಿಷಯದಲ್ಲಿ ಒಂದು ಎಚ್ಚರ ಬೇಕು. ಕೆಲವು ವರದಿಗಳಲ್ಲಿ fee ಅಂಕಣದೊಳಗೇ ತೆರಿಗೆ ಸೇರಿರುತ್ತದೆ, tax ಅಂಕಣ ಅದರ ಒಂದು ಭಾಗವನ್ನು ಬಿಡಿಸಿ ತೋರಿಸುತ್ತದೆ ಅಷ್ಟೆ. ಎರಡನ್ನೂ ಕಳೆದರೆ ತೆರಿಗೆ ಎರಡು ಸಲ ಹೋಗುತ್ತದೆ. ಒಂದೇ ಒಂದು ಸಾಲು ತೆಗೆದುಕೊಂಡು ನೋಡಿದರೆ ತಿಳಿಯುತ್ತದೆ. ನಮ್ಮ 500ರ ಸಾಲಿನಲ್ಲಿ fee 11.80, tax 1.80, ಜಮೆ 488.20 ಎಂದಿತ್ತು. 500ರಲ್ಲಿ 11.80 ಮಾತ್ರ ಕಳೆದರೆ ಜಮೆ ಸರಿಹೋಗುತ್ತದೆ.

ಆ ಸಂಜೆ ಅಕ್ಕನ ಎದುರು ಕೂತು 2,822 ರೂಪಾಯಿಯನ್ನು ಮೂರು ಗುಂಪು ಮಾಡಿದೆ. 472 ಹೋದ ಹಣ. 1,500 ಎಂದೂ ಅವಳದಾಗಿರದ ಹಣ, ಕೊಡದ ಪುಸ್ತಕಕ್ಕೆ ಓದುಗರು ಕಟ್ಟಿದ್ದು. 850 ಅವಳದೇ ಆದರೂ ಸದ್ಯಕ್ಕೆ ಅವಳ ಕೈಯಲ್ಲಿಲ್ಲದ ಹಣ. ಪಾಸ್‌ಬುಕ್ ಈ ಮೂರನ್ನೂ ಒಂದೇ ಕೊರತೆಯಾಗಿ ತೋರಿಸುತ್ತದೆ.

ಹೀಗೆ ಬಿಡಿಸಿದ ಮೇಲೆ ಗೌರವಧನದ ಪ್ರಶ್ನೆ ತಾನೇ ಬಗೆಹರಿಯಿತು. ಬ್ಯಾಂಕಿಗೆ ಬಂದ ಮೊತ್ತದ ಹತ್ತು ಪರ್ಸೆಂಟ್ ಎಂದರೆ 1,718 ರೂಪಾಯಿ. ಮುಖಬೆಲೆಯ ಮೇಲೆ, ಒಪ್ಪಂದದಲ್ಲಿರುವಂತೆ, 40 ಪ್ರತಿಗೆ ತಲಾ 45 ಎಂದರೆ 1,800. ವ್ಯತ್ಯಾಸ 82 ರೂಪಾಯಿ. ಆದರೆ ಆ 1,718ರ ಒಳಗೆ ಬೇರೆ ಯಾರದೋ ವಿಮರ್ಶಾ ಸಂಕಲನದ ರಿಫಂಡ್ ಇದೆ, ಯಾರದೋ ಪಾರ್ಸೆಲ್ಲಿನ ಜಗಳ ಇದೆ, ಅಂಚೆಯ ಹಣವೂ ಇದೆ. ಕಾದಂಬರಿಕಾರರಿಗೂ ಅದಕ್ಕೂ ಸಂಬಂಧವಿಲ್ಲ. ಅಕ್ಕ ಕ್ಷಣ ಹೊತ್ತು ಹಾಳೆ ನೋಡಿದಳು. “ಸರ್ ಅವರು ಬರದದ್ದು ನಲವತ್ತು ಮಂದಿ ತಗೊಂಡಾರ. ನಲವತ್ತಕ್ಕೇ ಕೊಡೋಣು” ಎಂದಳು.

ಈಗ ಅವಳ ಲೆಕ್ಕದ ಪುಸ್ತಕದಲ್ಲಿ ಮಾರಾಟದ ಸಾಲಿನಲ್ಲಿ 20,000 ಎಂದೇ ಬರೆಯುತ್ತಾಳೆ, ಬ್ಯಾಂಕಿನ ಅಂಕಿಯನ್ನಲ್ಲ. ಅದರ ಕೆಳಗೆ ಕಮಿಷನ್, ತೆರಿಗೆ, ರಿಫಂಡ್, ತಡೆಹಿಡಿದದ್ದು ಎಂದು ನಾಲ್ಕು ಸಾಲು. ಕೊನೆಯ ಸಾಲಿಗೆ ಮಾತ್ರ ಪೆನ್ಸಿಲ್.